ಒಮ್ಮೆ ಒತ್ತಿದರೆ ಒಂದೇ ಎಣಿಕೆ

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎಷ್ಟು ಜನ ಬಂದರು ಎಂದು ಲೆಕ್ಕ ಇಡಲು ವಿದ್ಯಾರ್ಥಿಯೊಬ್ಬ ಪುಟ್ಟ ಯಂತ್ರ ಮಾಡುತ್ತಾನೆ ಎಂದುಕೊಳ್ಳಿ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಆರ್ಡುಯಿನೊ ಉನೊ ಬೋರ್ಡು, ಅಂಕಿ ತೋರಿಸುವ ಚಿಕ್ಕ ಡಿಸ್‌ಪ್ಲೇ, ಒಂದು ಪುಶ್ ಬಟನ್. ಬಾಗಿಲಲ್ಲಿ ನಿಂತವನು ಒಬ್ಬರು ಒಳಗೆ ಹೋದಾಗಲೆಲ್ಲ ಬಟನ್ ಒತ್ತಬೇಕು, ಅಂಕಿ ಒಂದೊಂದೇ ಏರಬೇಕು. ಪ್ರೋಗ್ರಾಂ ಬರೆದು ಒತ್ತಿ ನೋಡಿದರೆ ಅಂಕಿ 1 ತೋರಿಸುತ್ತದೆ, ಮುಂದಿನ ಸಲಕ್ಕೆ 4ಕ್ಕೆ ಹಾರುತ್ತದೆ, ಅದರಾಚೆಗೆ 5, ಆಮೇಲೆ 7. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ತಿರುಗಿ ನೋಡಿದರೂ ತಪ್ಪು ಸಿಗುವುದಿಲ್ಲ. ಸಿಗದಿರುವುದು ಸಹಜ, ಏಕೆಂದರೆ ಬಟನ್ ನಿಜವಾಗಿಯೂ ಅಷ್ಟು ಸಲ ಒತ್ತಿಸಿಕೊಂಡಿದೆ.

ಬಟನ್ನಿನೊಳಗೆ ಇರುವುದು ಒಂದು ತೆಳು ಲೋಹದ ತಗಡು. ಬೆರಳು ಒತ್ತಿದಾಗ ಅದು ಬಾಗಿ ಕೆಳಗಿನ ಇನ್ನೊಂದು ಲೋಹಕ್ಕೆ ಬಡಿಯುತ್ತದೆ. ಸಿಮೆಂಟ್ ನೆಲಕ್ಕೆ ಬಿದ್ದ ಸ್ಟೀಲ್ ತಟ್ಟೆ ಒಂದೇ ಏಟಿಗೆ ಸುಮ್ಮನಾಗದೆ ಕುಣಿದು ಕುಣಿದು ನಿಲ್ಲುತ್ತದಲ್ಲ, ಈ ತಗಡೂ ಹಾಗೆಯೇ. ತಾಗುತ್ತದೆ, ಪುಟಿದು ಬಿಡುತ್ತದೆ, ಮತ್ತೆ ತಾಗುತ್ತದೆ. ಇದಕ್ಕೆ ಎಲೆಕ್ಟ್ರಾನಿಕ್ಸ್ ಮಂದಿ ಬೌನ್ಸ್ ಎನ್ನುತ್ತಾರೆ, ಅದನ್ನು ನಿವಾರಿಸುವ ಕೆಲಸಕ್ಕೆ ಡಿಬೌನ್ಸ್ ಎನ್ನುತ್ತಾರೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಇದನ್ನು ಕಣ್ಣಾರೆ ನೋಡಬಹುದು. 5 ವೋಲ್ಟಿನಲ್ಲಿ ನೆಟ್ಟಗೆ ಹೋಗುತ್ತಿದ್ದ ಗೆರೆ ಬಟನ್ ಒತ್ತಿದ ಕೂಡಲೇ ಸೊನ್ನೆಗೆ ಇಳಿಯುತ್ತದೆ, ಥಟ್ಟನೆ ಮೇಲೇಳುತ್ತದೆ, ಇನ್ನೆರಡು ಸಲ ಬಾಚಣಿಗೆಯ ಹಲ್ಲುಗಳಂತೆ ಮೇಲೆ ಕೆಳಗೆ ಆಡಿ, ಕೊನೆಗೆ ಸೊನ್ನೆಯಲ್ಲಿ ನೆಲೆ ನಿಲ್ಲುತ್ತದೆ. ಇಷ್ಟೆಲ್ಲ ಆಗುವುದಕ್ಕೆ ಒಂದೆರಡು ಮಿಲಿಸೆಕೆಂಡು ಸಾಕು. ನಮ್ಮ ಬೆರಳಿಗೆ ಇದರ ಸುಳಿವೂ ಹತ್ತುವುದಿಲ್ಲ. ಆದರೆ ಉನೊ ಬೋರ್ಡಿನ ಎಟಿಮೆಗಾ 328ಪಿ ಚಿಪ್ಪಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಎರಡು ಮಿಲಿಸೆಕೆಂಡು ಎಂದರೆ ಅದಕ್ಕೆ 32,000 ಮಿಡಿತ. ಒಂದೊಂದು ಪುಟಿತವನ್ನೂ ಹೊಸ ಒತ್ತುವಿಕೆ ಎಂದು ಎಣಿಸಲು ಅದಕ್ಕೆ ಧಾರಾಳ ಪುರುಸೊತ್ತಿದೆ.

ಬಟನ್ ಬಿಡುವಾಗಲೂ ಇದೇ ಕಥೆ. ಒತ್ತುವಾಗಿನ ಬೌನ್ಸನ್ನು ಮಾತ್ರ ತಡೆದು, ಬಿಡುವಾಗಿನದನ್ನು ಮರೆಯುವವರು ಬಹಳ ಮಂದಿ. ತಗಡು ಮೇಲೇಳುವಾಗಲೂ ಲೋಹ ಬಿಟ್ಟು ಮತ್ತೆ ತಾಗುತ್ತದೆ, ಆ ತಾಗುವಿಕೆ ಪ್ರೋಗ್ರಾಮಿಗೆ ಇನ್ನೊಂದು ಒತ್ತುವಿಕೆಯಾಗಿಯೇ ಕಾಣುತ್ತದೆ. ಬಟನ್ ಒತ್ತಿ ಹಿಡಿದಿರುವ ತನಕ ಅಂಕಿ ಸರಿಯಾಗಿದ್ದು, ಬೆರಳು ತೆಗೆದ ಕ್ಷಣಕ್ಕೆ ಒಂದು ಏರಿದರೆ ದೋಷ ಇಲ್ಲಿದೆ ಎಂದು ತಿಳಿಯಬಹುದು.

ಹೆಚ್ಚಿನವರು ಮೊದಲು ಹುಡುಕಿಕೊಳ್ಳುವ ಪರಿಹಾರ ಕಾಯುವುದು. ಬಟನ್ ಒತ್ತಿದ್ದು ಕಂಡರೆ 50 ಮಿಲಿಸೆಕೆಂಡು ಸುಮ್ಮನಿದ್ದು ಆಮೇಲೆ ಮತ್ತೆ ನೋಡು ಎಂದು `delay(50)` ಬರೆದುಬಿಡುತ್ತಾರೆ. ಬಟನ್ ನೋಡುವುದೊಂದೇ ಕೆಲಸವಾಗಿದ್ದರೆ ಇದು ನಡೆಯುತ್ತದೆ. ಆದರೆ ಆ 50 ಮಿಲಿಸೆಕೆಂಡಿನಲ್ಲಿ ಮುಖ್ಯ ಪ್ರೋಗ್ರಾಂ ಬೇರೇನನ್ನೂ ಮಾಡುವುದಿಲ್ಲ. ನಾಲ್ಕು ಅಂಕಿಗಳ ಏಳು ಗೆರೆಯ ಡಿಸ್‌ಪ್ಲೇಯನ್ನು ಒಂದಾದ ಮೇಲೊಂದು ಅಂಕಿ ಬೆಳಗಿಸಿ ನಡೆಸುತ್ತಿದ್ದರಂತೂ ಪ್ರತಿ ಒತ್ತಿಗೂ ಮೂರು ಅಂಕಿ ಆರಿ, ಒಂದು ಮಾತ್ರ ಉರಿದು, ಡಿಸ್‌ಪ್ಲೇ ಮಿಣುಕುತ್ತದೆ.

ಎರಡನೆಯ ದಾರಿ ಜಾಣತನದ್ದೆಂದು ತೋರುತ್ತದೆ: ಬಟನ್ ಇರುವ ಪಿನ್ನಿನಲ್ಲಿ ವೋಲ್ಟೇಜು ಇಳಿದ ಕೂಡಲೇ ಚಿಪ್ಪು ತನ್ನ ಕೆಲಸ ಬಿಟ್ಟು ಓಡಿಬರುವಂತೆ ಆ ಪಿನ್ನಿಗೇ ಇಂಟರಪ್ಟ್ ಕಟ್ಟುವುದು. ಬೌನ್ಸ್ ಆಗುವ ಬಟನ್ನಿಗೆ ಇದು ಬೆಂಕಿಗೆ ತುಪ್ಪ ಸುರಿದ ಹಾಗೆ. ಮುಖ್ಯ ಪ್ರೋಗ್ರಾಂ ಆಗೀಗ ಬಂದು ನೋಡುವಾಗ ಕೆಲವು ಪುಟಿತಗಳಾದರೂ ಕಣ್ತಪ್ಪುತ್ತಿದ್ದವು, ಇಂಟರಪ್ಟ್ ಅವುಗಳಲ್ಲಿ ಹೆಚ್ಚಿನವನ್ನು ಹಿಡಿದುಬಿಡುತ್ತದೆ. ಬಟನ್ನಿನ ತಂತಿ ಉದ್ದವಾಗಿದ್ದು ಪಕ್ಕದಲ್ಲಿ ಒಂದು ಮೋಟಾರೋ ರಿಲೇಯೋ ಇದ್ದರೆ, ಯಾರೂ ಒತ್ತದಿದ್ದರೂ ತಂತಿಯಲ್ಲಿ ಹುಟ್ಟುವ ಕ್ಷಣಿಕ ಜರ್ಕು ಕೂಡ ಇಂಟರಪ್ಟ್ ಎಬ್ಬಿಸುತ್ತದೆ.

ಮೂರನೆಯ ದಾರಿಯಲ್ಲಿ ಇಂಟರಪ್ಟ್ ಇದೆ, ಆದರೆ ಅದನ್ನು ಎಬ್ಬಿಸುವುದು ಬಟನ್ ಅಲ್ಲ, ಟೈಮರು. ಚಿಪ್ಪಿನೊಳಗಿನ ಟೈಮರು ಪ್ರತಿ 5 ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಕೊಡುತ್ತದೆ. ಆಗ ಒಂದು ಚಿಕ್ಕ ತುಣುಕು ಪ್ರೋಗ್ರಾಂ ಬಂದು ಪಿನ್ನನ್ನು ಒಂದೇ ಒಂದು ಸಲ ನೋಡಿ ಹೋಗುತ್ತದೆ. ಈ ಹಿಂದೆ ಒಪ್ಪಿಕೊಂಡ ಸ್ಥಿತಿಯೇ ಈಗಲೂ ಇದ್ದರೆ ಏನೂ ಮಾಡುವುದಿಲ್ಲ. ಬೇರೆ ಸ್ಥಿತಿ ಕಂಡರೆ ಲೆಕ್ಕ ಒಂದು ಎನ್ನುತ್ತದೆ. ಹೀಗೆ ಸಾಲಾಗಿ ನಾಲ್ಕು ಸಲವೂ ಬೇರೆ ಸ್ಥಿತಿಯೇ ಕಂಡರೆ ಮಾತ್ರ ಬಟನ್ ಬದಲಾಗಿದೆ ಎಂದು ಒಪ್ಪುತ್ತದೆ. ನಡುವೆ ಒಂದು ಸಲ ಹಳೆಯ ಸ್ಥಿತಿ ಕಂಡರೂ ಸಾಕು, ಲೆಕ್ಕ ಮತ್ತೆ ಸೊನ್ನೆಗೆ.

ಟೈಮರನ್ನು ಸಜ್ಜು ಮಾಡುವ ಸಾಲುಗಳು ಇವು. ಬಟನ್ನಿನ ಒಂದು ಕಾಲು ಬೋರ್ಡಿನ 2ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ.

```c
DDRD  &= ~(1 << PD2);
PORTD |=  (1 << PD2);

TCCR1A = 0;
TCCR1B = (1 << WGM12) | (1 << CS11) | (1 << CS10);
OCR1A  = 1249;
TIMSK1 = (1 << OCIE1A);
sei();
```

ಮೊದಲೆರಡು ಸಾಲು ಪಿನ್ನನ್ನು ಒಳಬರುವ ಪಿನ್ನಾಗಿಸಿ, ಚಿಪ್ಪಿನೊಳಗಿನ ಪುಲ್-ಅಪ್ ರೆಸಿಸ್ಟರನ್ನು ಜೋಡಿಸುತ್ತವೆ. ಹಾಗಾಗಿ ಬಟನ್ ಬಿಟ್ಟಾಗ ಪಿನ್ನಿನಲ್ಲಿ 1, ಒತ್ತಿದಾಗ 0. ಇನ್ನು 1249 ಎಲ್ಲಿಂದ ಬಂತು? ಚಿಪ್ಪಿನ 1 ಕೋಟಿ 60 ಲಕ್ಷ ಮಿಡಿತವನ್ನು 64ರಿಂದ ಭಾಗಿಸಿ ಟೈಮರಿಗೆ ಕೊಡಲಾಗಿದೆ. ಅಂದರೆ ಟೈಮರಿಗೆ ಸಿಗುವುದು ಸೆಕೆಂಡಿಗೆ 2,50,000 ಮಿಡಿತ, 5 ಮಿಲಿಸೆಕೆಂಡಿಗೆ 1250. ಟೈಮರು ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದರಿಂದ ಕೊನೆಯ ಅಂಕಿ 1249. ಇದೇ ಪ್ರೋಗ್ರಾಮನ್ನು 80 ಲಕ್ಷ ಮಿಡಿತದ, ಅಂದರೆ 8 ಮೆಗಾಹರ್ಟ್ಸಿನ ಬೋರ್ಡಿಗೆ ಹಾಗೆಯೇ ಹಾಕಿದರೆ 5 ಮಿಲಿಸೆಕೆಂಡು ಸದ್ದಿಲ್ಲದೆ 10 ಆಗುತ್ತದೆ.

`TCCR1A = 0;` ಎಂಬ ಸಾಲು ನೋಡಲು ಬೇಡದ್ದೆನಿಸುತ್ತದೆ. ಹಾಗೆಂದು ಅದನ್ನು ಬಿಟ್ಟವರು ಪರದಾಡಿದ್ದಾರೆ. ಆರ್ಡುಯಿನೊ ತನ್ನ ತಂತ್ರಾಂಶದ ಕಡೆಯಿಂದ, ನಾವು ಬರೆದ ಪ್ರೋಗ್ರಾಂ ಶುರುವಾಗುವ ಮೊದಲೇ, ಈ ಟೈಮರನ್ನು ಎಲ್‌ಇಡಿ ಬೆಳಕಿನ ಹೆಚ್ಚುಕಡಿಮೆಯಂಥ ಕೆಲಸಕ್ಕೆ ಸಜ್ಜುಗೊಳಿಸಿಟ್ಟಿರುತ್ತದೆ. ಅದನ್ನು ಅಳಿಸದಿದ್ದರೆ ಟೈಮರು 255ರವರೆಗೆ ಎಣಿಸಿ ಸೊನ್ನೆಗೆ ಮರಳುತ್ತದೆ, 1249ನ್ನು ಎಂದೂ ಮುಟ್ಟುವುದೇ ಇಲ್ಲ. ಇಂಟರಪ್ಟ್ ಬರುವುದಿಲ್ಲ, ಬಟನ್ ಸತ್ತಂತೆ ತೋರುತ್ತದೆ. ಜೊತೆಗೆ ಉನೊ ಬೋರ್ಡಿನಲ್ಲಿ ಸರ್ವೊ ಮೋಟಾರಿನ ಲೈಬ್ರರಿಯೂ ಇದೇ ಟೈಮರನ್ನು ಬಳಸುತ್ತದೆ. ಎರಡೂ ಬೇಕಾದ ಯಂತ್ರವಾದರೆ ಬಟನ್ನಿಗೆ ಬೇರೆ ಟೈಮರು ಹುಡುಕಿಕೊಳ್ಳಬೇಕು.

ಬಟನ್ ನೋಡಿ ಹೋಗುವ ತುಣುಕು ಇಷ್ಟೇ:

```c
volatile uint8_t presses = 0;

ISR(TIMER1_COMPA_vect)
{
    static uint8_t state = 0, count = 0;
    uint8_t now = !(PIND & (1 << PD2));

    if (now == state) {
        count = 0;
    } else if (++count >= 4) {
        count = 0;
        state = now;
        if (state) presses++;
    }
}
```

ಒಂದು ಒತ್ತುವಿಕೆಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿ ನೋಡೋಣ. ಟೈಮರು 0, 5, 10, 15 ಹೀಗೆ ಪ್ರತಿ 5ನೇ ಮಿಲಿಸೆಕೆಂಡಿಗೆ ಬರುತ್ತಿದೆ. ಬೆರಳು 2ನೇ ಮಿಲಿಸೆಕೆಂಡಿನಲ್ಲಿ ಒತ್ತಿತು, ತಗಡಿನ ಕುಣಿತ 8ನೆಯದರಲ್ಲಿ ನಿಂತಿತು. 5ನೇ ಮಿಲಿಸೆಕೆಂಡಿನ ನೋಟ ಕುಣಿತದ ನಡುವೆಯೇ ಬೀಳುತ್ತದೆ, ಆಗ ಏನು ಕಂಡೀತು ಎಂದು ಹೇಳುವಂತಿಲ್ಲ. ತಾಗಿರುವ ಘಳಿಗೆಯಲ್ಲಿ ಕಂಡಿತೆನ್ನಿ, ಲೆಕ್ಕ 1. ಬಳಿಕ 10ರಲ್ಲಿ 2, 15ರಲ್ಲಿ 3, 20ರಲ್ಲಿ 4. ಬೆರಳು ತಾಗಿದ 18 ಮಿಲಿಸೆಕೆಂಡಿಗೆ ಒತ್ತುವಿಕೆ ದಾಖಲಾಯಿತು. ಒಂದು ವೇಳೆ 5ರಲ್ಲಿ ಬಿಟ್ಟಿರುವ ಘಳಿಗೆ ಕಂಡಿದ್ದರೆ ಲೆಕ್ಕ ಶುರುವಾಗುವುದು 10ರಿಂದ, ದಾಖಲಾಗುವುದು 25ಕ್ಕೆ, ಅಂದರೆ ಬೆರಳು ತಾಗಿದ 23 ಮಿಲಿಸೆಕೆಂಡಿಗೆ. ಹೇಗೇ ಆದರೂ ಎಣಿಕೆ ಏರುವುದು ಒಂದೇ ಸಲ. ಬೌನ್ಸ್ ನಡುವೆ ಏನು ಕಂಡಿತು ಎಂಬುದು ಫಲಿತಾಂಶವನ್ನು ಬದಲಿಸುವುದಿಲ್ಲ, ಕೆಲವು ಮಿಲಿಸೆಕೆಂಡು ಹಿಂದೆ ಮುಂದೆ ಮಾಡುತ್ತದೆ ಅಷ್ಟೆ. ಈ ವಿಧಾನವನ್ನು ನೆಚ್ಚಿಕೊಳ್ಳಲು ಇದೇ ಕಾರಣ.

ನಾಲ್ಕು ನೋಟಕ್ಕೆ ಐದೈದರಂತೆ 20 ಮಿಲಿಸೆಕೆಂಡು ಎಂದು ಬಾಯಿಮಾತಿಗೆ ಹೇಳುತ್ತೇವೆ. ಸೂಕ್ಷ್ಮವಾಗಿ ನೋಡಿದರೆ ಮೊದಲ ನೋಟದಿಂದ ನಾಲ್ಕನೆಯದಕ್ಕೆ ಇರುವ ಅಂತರ 15 ಮಿಲಿಸೆಕೆಂಡು ಮಾತ್ರ. ಕುಣಿತ ನಿಂತ ಮೇಲೆ ಹೆಚ್ಚೆಂದರೆ 20 ಮಿಲಿಸೆಕೆಂಡಿನ ಒಳಗೆ ತೀರ್ಮಾನವಾಗಿರುತ್ತದೆ ಎನ್ನುವುದು ಸರಿಯಾದ ಲೆಕ್ಕ.

ಚಿಪ್ಪಿಗೆ ಇದರ ಹೊರೆ ಎಷ್ಟು? 5 ಮಿಲಿಸೆಕೆಂಡಿನಲ್ಲಿ 80,000 ಮಿಡಿತಗಳಿವೆ. ಈ ತುಣುಕು 100 ಮಿಡಿತ ತಿಂದರೂ ಅದು ಎಂಟುನೂರರಲ್ಲಿ ಒಂದು ಪಾಲು. ಡಿಸ್‌ಪ್ಲೇ ಮಿಣುಕುವ ಪ್ರಶ್ನೆಯೇ ಇಲ್ಲ.

ಮುಖ್ಯ ಪ್ರೋಗ್ರಾಂ ಮಾಡಬೇಕಾದದ್ದು ತನ್ನ ಬಿಡುವಿನಲ್ಲಿ ಬಂದು, ಕಳೆದ ಸಲಕ್ಕಿಂತ ಎಷ್ಟು ಒತ್ತುವಿಕೆ ಹೆಚ್ಚಾಗಿದೆ ಎಂದು ನೋಡುವುದು:

```c
while (seen != presses) {
    seen++;
    total++;
}
```

ಇಲ್ಲಿ `seen` ಕೂಡ `uint8_t`, ಒಂದೇ ಬೈಟಿನದು. `presses` ಎಂಬುದನ್ನು ಬದಲಿಸುವ ಹಕ್ಕು ಇಂಟರಪ್ಟಿಗೆ ಮಾತ್ರ, ಮುಖ್ಯ ಪ್ರೋಗ್ರಾಂ ಅದನ್ನು ಓದುತ್ತದೆ, ಮುಟ್ಟುವುದಿಲ್ಲ. ಇಬ್ಬರೂ ಒಂದನ್ನೇ ಬದಲಿಸಲು ಹೋದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವ ಅಪಾಯವಿದೆ. ಅದು ದಿನಕ್ಕೊಮ್ಮೆ ಕಾಣಿಸಿಕೊಂಡು ಮರೆಯಾಗುವ, ಹಿಡಿಯಲು ಬಲು ಕಷ್ಟವಾದ ದೋಷ. ಒಂದು ಬೈಟು ಎಂಬುದೂ ಬೇಕೆಂದೇ ಇಟ್ಟದ್ದು. ಈ ಚಿಪ್ಪು ಒಂದು ಸಲಕ್ಕೆ ಓದುವುದು ಒಂದೇ ಬೈಟು. ಎರಡು ಬೈಟಿನ ಸಂಖ್ಯೆಯಾದರೆ ಅರ್ಧ ಓದುವಷ್ಟರಲ್ಲಿ ಇಂಟರಪ್ಟ್ ಬಂದು ಸಂಖ್ಯೆಯೇ ಬದಲಾಗಿರಬಹುದು. ಇನ್ನು `volatile` ಎಂಬ ಪದ ಇಲ್ಲದಿದ್ದರೆ, ಈ ಸಂಖ್ಯೆ ತನ್ನಷ್ಟಕ್ಕೇ ಬದಲಾಗಲಾರದು ಎಂದು ಕಂಪೈಲರು ಎಣಿಸಿ ಅದನ್ನು ಮತ್ತೆ ಮತ್ತೆ ಓದುವುದನ್ನೇ ಕೈಬಿಡಬಹುದು. ಪರೀಕ್ಷೆಯ ಹೊತ್ತಿಗೆ ಚೆನ್ನಾಗಿ ನಡೆದ ಯಂತ್ರ, ಕಂಪೈಲರಿನ ಆಪ್ಟಿಮೈಸೇಶನ್ ಹೆಚ್ಚಿಸಿದ ಕೂಡಲೇ ಬಟನ್ನಿಗೆ ಕಿವುಡಾದರೆ ಮೊದಲು ನೋಡಬೇಕಾದದ್ದು ಈ ಪದ ಇದೆಯೇ ಎಂದು.

ಈಗ ಮುಖ್ಯ ಪ್ರಶ್ನೆ. 20 ಮಿಲಿಸೆಕೆಂಡೇ ಏಕೆ? 5 ಏಕಾಗಬಾರದು, 100 ಏಕಾಗಬಾರದು?

ಕೆಳಗಿನ ಮಿತಿಯನ್ನು ನಿರ್ಧರಿಸುವುದು ಬಟನ್. ಬೋರ್ಡುಗಳ ಮೇಲೆ ಕೂರಿಸುವ ಚಿಕ್ಕ ಟ್ಯಾಕ್ಟ್ ಸ್ವಿಚ್‌ಗಳಲ್ಲಿ ಓಮ್ರಾನ್ ಕಂಪನಿಯ ಬಿ3ಎಫ್ ಎಂಬುದು ಎಲ್ಲೆಡೆ ಸಿಗುವ ಮಾಲು. ಅದರ ಡೇಟಾಶೀಟಿನಲ್ಲಿ ಬೌನ್ಸ್ ಸಮಯ ಹೆಚ್ಚೆಂದರೆ 5 ಮಿಲಿಸೆಕೆಂಡು ಎಂದಿದೆ. ಎಲ್ಲ ಬಟನ್‌ಗಳಿಗೂ ಇಂಥ ಡೇಟಾಶೀಟು ಸಿಗುವುದಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಿಡಿಗಟ್ಟಲೆ ಕೊಂಡು ತಂದ ಬಟನ್ನಿಗಂತೂ ಇಲ್ಲ. ಎಂಬೆಡೆಡ್ ಕ್ಷೇತ್ರದ ಹಿರಿಯ ಬರಹಗಾರ, ಅಮೆರಿಕದ ಎಂಜಿನಿಯರ್ ಜ್ಯಾಕ್ ಗ್ಯಾನ್ಸಲ್ ಈ ವಿಷಯದಲ್ಲಿ ಊಹೆ ಬೇಡವೆಂದು 18 ಬಗೆಯ ಸ್ವಿಚ್‌ಗಳನ್ನು ಒಟ್ಟು ಮಾಡಿ, ಒಂದೊಂದನ್ನೂ 300 ಸಲ ಒತ್ತಿ ಅಳೆದರು. ತೀರಾ ವಿಚಿತ್ರವಾಗಿ ವರ್ತಿಸಿದ ಎರಡನ್ನು ಬಿಟ್ಟರೆ ಬೌನ್ಸ್ ಸರಾಸರಿ ಒಂದೂವರೆ ಮಿಲಿಸೆಕೆಂಡಿನಷ್ಟು, ಅತಿ ಹೆಚ್ಚೆಂದರೆ 6.2 ಮಿಲಿಸೆಕೆಂಡು. ಬಿಟ್ಟ ಎರಡರಲ್ಲಿ ಒಂದು 157 ಮಿಲಿಸೆಕೆಂಡಿನವರೆಗೆ ಕುಣಿದಿತ್ತು. ಆ ಅಳತೆಯಿಂದ ಕಲಿಯಬೇಕಾದದ್ದು ಸರಾಸರಿಯನ್ನಲ್ಲ. ಸರಾಸರಿಗೆ ತಕ್ಕಂತೆ 2 ಮಿಲಿಸೆಕೆಂಡು ಇಟ್ಟರೆ ಬಹಳಷ್ಟು ಒತ್ತುವಿಕೆಗಳು ಸರಿಯಾಗಿ ಎಣಿಕೆಯಾಗಿ, ಉಳಿದವು ಹಾಳಾಗುತ್ತವೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅತಿ ಕೆಟ್ಟ ಅಳತೆಯನ್ನು, ಅದರ ಮೇಲೆ ಎರಡು ಮೂರು ಪಟ್ಟು ಭದ್ರತೆಯನ್ನು. 6.2ರ ಮೂರು ಪಟ್ಟು 18.6. ಹೀಗೆ 20ರ ಹತ್ತಿರ ಬಂದೆವು.

ಮೇಲಿನ ಮಿತಿಯನ್ನು ನಿರ್ಧರಿಸುವುದು ಮನುಷ್ಯ. ಏನಾದರೂ ಒತ್ತಿದ ಮೇಲೆ ಹತ್ತನೇ ಒಂದು ಸೆಕೆಂಡಿನೊಳಗೆ, ಅಂದರೆ 100 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ಅದು ಕೂಡಲೇ ಬಂದಂತೆ ಅನಿಸುತ್ತದೆ ಎಂಬುದು ಕಂಪ್ಯೂಟರು ಬಳಕೆಯ ಕುರಿತ ಹಳೆಯ, ಎಲ್ಲರೂ ಒಪ್ಪಿದ ಅಳತೆ. ಆದರೆ ಆ 100ನ್ನೂ ಡಿಬೌನ್ಸಿಗೇ ಕೊಟ್ಟುಬಿಡುವಂತಿಲ್ಲ, ಡಿಸ್‌ಪ್ಲೇ ಬದಲಾಗಲು, ಬೀಪ್ ಸದ್ದು ಹೊರಡಲು ಕೂಡ ಸಮಯ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕು ಚುರುಕು ಬೆರಳಿನದು. ಒಮ್ಮೆಲೇ ಆರೇಳು ಜನ ನುಗ್ಗಿದಾಗ ಬಾಗಿಲಲ್ಲಿ ನಿಂತವನು ಬಟನ್ನನ್ನು ಟಪಟಪನೆ ಒತ್ತುತ್ತಾನೆ. ಸೆಕೆಂಡಿಗೆ ಎಂಟು ಸಲ ಒತ್ತಿದರೆ ಒಂದು ಒತ್ತಿಗೆ 125 ಮಿಲಿಸೆಕೆಂಡು, ಅದರಲ್ಲಿ ಒತ್ತಿ ಹಿಡಿದ ಹೊತ್ತು ಸರಿಸುಮಾರು ಅರ್ಧ, 60 ಮಿಲಿಸೆಕೆಂಡು. ಕಾಯುವ ಸಮಯ 100 ಇದ್ದರೆ ಲೆಕ್ಕ ಮುಗಿಯುವ ಮೊದಲೇ ಬೆರಳು ಮೇಲೆದ್ದಿರುತ್ತದೆ. ಲೆಕ್ಕ ಸೊನ್ನೆಗೆ ಮರಳುತ್ತದೆ, ಆ ಒತ್ತುವಿಕೆ ನಡೆದೇ ಇಲ್ಲವೆಂಬಂತೆ ಕಾಣೆಯಾಗುತ್ತದೆ. 20 ಇದ್ದರೆ ಒತ್ತುವುದಕ್ಕೂ ಬಿಡುವುದಕ್ಕೂ ಸಾಕಷ್ಟು ಜಾಗ ಉಳಿಯುತ್ತದೆ.

ಹಾಗಾಗಿ ಯಂತ್ರ ತಪ್ಪು ಎಣಿಸಿದಾಗ ತಪ್ಪು ಯಾವ ಕಡೆಗೆ ಎಂದು ನೋಡಬೇಕು. ನಿಧಾನವಾಗಿ ಒತ್ತಿದರೂ ಅಂಕಿ ಎರಡು ಏರಿದರೆ ಕಾಯುವ ಸಮಯ ಸಾಲದು. ನಿಧಾನವಾಗಿ ಒತ್ತಿದಾಗ ಸರಿಯಿದ್ದು, ಬೇಗ ಬೇಗ ಒತ್ತಿದಾಗ ಅಂಕಿ ಹಿಂದೆ ಬಿದ್ದರೆ ಕಾಯುವ ಸಮಯ ಅತಿಯಾಯಿತು.

ಆಸಿಲೋಸ್ಕೋಪ್ ಇಲ್ಲದವರೂ ತಮ್ಮ ಬಟನ್ನಿನ ಬೌನ್ಸ್ ಅಳೆಯಬಹುದು, ಅದಕ್ಕೆ ಉನೊ ಬೋರ್ಡೇ ಸಾಕು. ಮೇಲೆ ಬೇಡವೆಂದು ಬದಿಗಿಟ್ಟ ಪಿನ್ನಿನ ಇಂಟರಪ್ಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಿನ್ನು ಬದಲಾದಾಗಲೆಲ್ಲ `micros()` ಕೊಡುವ ಸಮಯವನ್ನು ಗುರುತಿಸಿಕೊಳ್ಳಬೇಕು. ಬಟನ್ ಒತ್ತಿ ಒಂದು ಸೆಕೆಂಡಿನಷ್ಟು ಹಿಡಿದರೆ, ಮೊದಲ ಬದಲಾವಣೆಯಿಂದ ಕೊನೆಯ ಬದಲಾವಣೆಗೆ ಇರುವ ಅಂತರವೇ ಆ ಒತ್ತುವಿಕೆಯ ಬೌನ್ಸ್. ಬಿಡುವಾಗಿನದನ್ನು ಇದೇ ರೀತಿ ಬೇರೆಯಾಗಿ ಅಳೆಯಬೇಕು. ಮೆಲ್ಲಗೆ ಒತ್ತಿ, ಬಿರುಸಾಗಿ ಒತ್ತಿ, ಬಟನ್ನಿನ ಅಂಚಿನಲ್ಲಿ ಓರೆಯಾಗಿ ಒತ್ತಿ. ಓರೆ ಒತ್ತು ಹಲವು ಬಟನ್‌ಗಳ ಗುಟ್ಟು ರಟ್ಟು ಮಾಡುತ್ತದೆ. ಇಂಥ ನೂರು ಅಳತೆಗಳಲ್ಲಿ ಅತಿ ದೊಡ್ಡದನ್ನು ಮಾತ್ರ ಬರೆದಿಟ್ಟುಕೊಂಡರೆ ಸಾಕು.

20 ಎಂಬ ಅಂಕಿ ಎಲ್ಲ ಕಡೆಗೂ ಹೊಂದುವುದಿಲ್ಲ. ಕಂಪ್ಯೂಟರ್ ಕೀಬೋರ್ಡುಗಳಿಗೆಂದು ಆಸಕ್ತರು ಕಟ್ಟಿ ಬೆಳೆಸಿದ ಕ್ಯುಎಂಕೆ ಎಂಬ ಮುಕ್ತ ತಂತ್ರಾಂಶದಲ್ಲಿ ಮೊದಲೇ ಇಟ್ಟಿರುವ ಸಮಯ 5 ಮಿಲಿಸೆಕೆಂಡು. ಅಲ್ಲಿನ ಸ್ವಿಚ್‌ಗಳು ಉತ್ತಮ ದರ್ಜೆಯವು, ಬೆರಚ್ಚಿನ ವೇಗಕ್ಕೂ ಆಟಗಾರರ ಅವಸರಕ್ಕೂ ತಡ ಆಗಿಬರುವುದಿಲ್ಲ. ಅದರಲ್ಲಿ ಇನ್ನೊಂದು ಉಪಾಯದ ಆಯ್ಕೆಯೂ ಇದೆ: ಮೊದಲ ತಾಗುವಿಕೆಯನ್ನೇ ಒಪ್ಪಿಕೊಂಡು ಆಮೇಲಿನ ಕೆಲವು ಮಿಲಿಸೆಕೆಂಡು ಆ ಬಟನ್ನಿನ ಕಡೆ ನೋಡದಿರುವುದು. ಇದರಲ್ಲಿ ತಡವೇ ಇಲ್ಲ, ಆದರೆ ತಂತಿಯಲ್ಲಿ ಹುಟ್ಟಿದ ಸುಳ್ಳು ಜರ್ಕನ್ನು ಕೂಡ ನಿಜವೆಂದು ನಂಬಬೇಕಾಗುತ್ತದೆ. ಕೀಲಿಮಣೆಯ ತಂತಿಗಳು ಗೇಣುದ್ದ ಇರುವಾಗ ಇದು ಪರವಾಗಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿನ ಪಕ್ಕದಲ್ಲಿ ಹತ್ತಡಿ ತಂತಿ ಎಳೆದು ಹಾಕಿದ ಬಟನ್ನಿಗೆ ಈ ಉಪಾಯ ಬೇಡ, ಅಲ್ಲಿ ನಾಲ್ಕು ನೋಟದ ತಾಳ್ಮೆಯೇ ಸರಿ.

ಬಟನ್‌ಗಳು ಸವೆಯುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೋಹದ ಮೇಲ್ಮೈ ಮಸುಕಾಗಿ, ಧೂಳು ಸೇರಿ, ಹೊಸತರಲ್ಲಿ 3 ಮಿಲಿಸೆಕೆಂಡಿಗೆ ಸುಮ್ಮನಾಗುತ್ತಿದ್ದ ಬಟನ್ ವರ್ಷಗಳ ಬಳಕೆಯ ಬಳಿಕ ಹೆಚ್ಚು ಹೊತ್ತು ಕುಣಿಯಬಹುದು. ಎರಡು ಮೂರು ಪಟ್ಟು ಭದ್ರತೆ ಇಟ್ಟದ್ದು ಇದಕ್ಕಾಗಿ ಕೂಡ. ಯಂತ್ರ ಮತ್ತೆ ಎರಡೆರಡು ಎಣಿಸಲು ತೊಡಗಿದರೆ ನೋಟಗಳ ಸಂಖ್ಯೆಯನ್ನು 4ರಿಂದ 6ಕ್ಕೆ, 8ಕ್ಕೆ ಏರಿಸಿ ನೋಡಬಹುದು, ಪ್ರೋಗ್ರಾಮಿನಲ್ಲಿ ಬದಲಿಸಬೇಕಾದದ್ದು ಒಂದೇ ಅಂಕಿ. 10ರವರೆಗೆ, ಅಂದರೆ 50 ಮಿಲಿಸೆಕೆಂಡಿನವರೆಗೆ ಏರಿಸಿದರೂ ಎಣಿಕೆ ಹಾರುತ್ತಿದ್ದರೆ ಅದಕ್ಕಿಂತ ಮುಂದೆ ಹೋಗಬೇಡಿ. ಬೆಸುಗೆ ಬಿಚ್ಚಿ ಬಟನ್ನನ್ನೇ ಬದಲಿಸಿ, ಅದು ಕೆಲವೇ ರೂಪಾಯಿಗಳ ಸಾಮಾನು.